ಬೆಂಕಿ ಅವಘಡದ ಕ್ಲೇಮ್‌ಗೆ ಕವರಿಂಗ್ ಲೆಟರ್: ಪ್ರತಿ ಗಂಟೆಗೂ ಒಂದು ಕಾಗದ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ನವೆಂಬರ್ 12ರ ರಾತ್ರಿ ಬಟ್ಟೆ ಗೋದಾಮಿಗೆ ಬೆಂಕಿ ಬಿತ್ತು. ನಷ್ಟ ಅಂದಾಜು ಮಾಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದು ನೋಡಿ, ದಾಖಲೆಗಳ ಪಟ್ಟಿ ಕೊಟ್ಟು, ಕ್ಲೇಮ್ ಫಾರ್ಮ್ ಜೊತೆ ಒಂದು ಕವರಿಂಗ್ ಲೆಟರ್ ಕೊಡಿ ಎಂದಿದ್ದಾರೆ. ಕೆಲವು ಬಿಲ್ಲುಗಳು ಬೆಂಕಿಯಲ್ಲೇ ಹೋಗಿವೆ. ಅಗ್ನಿಶಾಮಕದವರ ವರದಿ ಇನ್ನೂ ಬಂದಿಲ್ಲ. ಲೆಟರಿನಲ್ಲಿ ಏನು ಬರೆಯಬೇಕು, ಎಷ್ಟು ಬರೆಯಬೇಕು?

ಉತ್ತರ: ಮೊದಲು ದಿನಗಳ ಲೆಕ್ಕ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿಯ ಷರತ್ತಿನಂತೆ, ನಷ್ಟವಾದ ಕೂಡಲೇ ಕಂಪನಿಗೆ ತಿಳಿಸಬೇಕು ಮತ್ತು 15 ದಿನಗಳ ಒಳಗೆ, ಹಾಳಾದ ಸ್ವತ್ತುಗಳ ವಿವರ ಹಾಗೂ ಮೊತ್ತ ಸಹಿತ ಲಿಖಿತ ಕ್ಲೇಮ್ ಸಲ್ಲಿಸಬೇಕು. ಅದೇ ಸ್ವತ್ತಿಗೆ ಬೇರೆ ವಿಮೆ ಇದ್ದರೆ ಅದನ್ನೂ ಆಗಲೇ ತಿಳಿಸಬೇಕು. ಅದೇ ಷರತ್ತು ಇನ್ನೊಂದು ಮಾತನ್ನೂ ಹೇಳುತ್ತದೆ: ಕಂಪನಿ ಲಿಖಿತವಾಗಿ ಒಪ್ಪಿದರೆ ಹೆಚ್ಚಿನ ಕಾಲಾವಕಾಶ ಸಿಗುತ್ತದೆ. 2021ರ ಏಪ್ರಿಲ್‌ನಿಂದ ಸಣ್ಣ ಉದ್ಯಮಗಳಿಗೆ ಕೊಡುತ್ತಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ನಿಮ್ಮದಾಗಿದ್ದರೆ, ಅದರ ಪುಸ್ತಿಕೆಯಲ್ಲಿ ಕ್ಲೇಮ್ ವಿಧಾನದ ಪುಟವನ್ನು ತೆರೆದು, ಅಲ್ಲಿ ಬರೆದಿರುವ ಅವಧಿಯನ್ನೇ ಪಾಲಿಸಿ. ಯಾವ ಪಾಲಿಸಿಯಾದರೂ 15 ದಿನವನ್ನೇ ಗಡುವೆಂದು ಭಾವಿಸಿ ಕೆಲಸ ಮಾಡುವುದು ಕ್ಷೇಮ. ನಿಮ್ಮ ಲೆಕ್ಕದಲ್ಲಿ ಅದು ನವೆಂಬರ್ 27. ಅಗ್ನಿಶಾಮಕದ ವರದಿ ಬರಲಿ, ಆಡಿಟರ್ ಲೆಕ್ಕ ಮುಗಿಸಲಿ ಎಂದು ಕಾಯುತ್ತಾ ಆ ದಿನವನ್ನು ದಾಟಿಸಬೇಡಿ. ಕೈಯಲ್ಲಿರುವುದನ್ನು ಕೊಟ್ಟು, ಇಲ್ಲದ್ದನ್ನು ಹೆಸರಿಸಿ, ಅದಕ್ಕೆ ಕಾಲಾವಕಾಶ ಕೇಳುವುದಕ್ಕೆ ಈ ಪತ್ರವೇ ಸರಿಯಾದ ಜಾಗ.

ಪತ್ರ ಹೋಗಬೇಕಾದದ್ದು ವಿಮಾ ಕಂಪನಿಗೆ, ಪಾಲಿಸಿ ಕೊಟ್ಟ ಶಾಖೆಯ ಹೆಸರಿಗೆ. ಸರ್ವೇಯರ್‌ಗೆ ಪ್ರತಿ ಕೊಡಬೇಕು. ದಾಸ್ತಾನಿನ ಮೇಲೆ ಬ್ಯಾಂಕ್ ಸಾಲವಿದ್ದು ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ನಮೂದಾಗಿದ್ದರೆ ಬ್ಯಾಂಕಿಗೂ ಒಂದು ಪ್ರತಿ ಕೊಡಬೇಕು, ಏಕೆಂದರೆ ಹಣ ಬರುವುದು ಆ ಹೆಸರಿಗೆ. ಕನ್ನಡದಲ್ಲಿ ಬರೆದರೆ ಅಡ್ಡಿಯಿಲ್ಲ, ಆದರೆ ಕಡತ ಹೊರರಾಜ್ಯದ ಕಚೇರಿಗೆ ಹೋಗುವ ಸಾಧ್ಯತೆ ಇರುವುದರಿಂದ ಇಂಗ್ಲಿಷ್ ಪ್ರತಿಯನ್ನೂ ಜೊತೆಗಿಟ್ಟು, ಎರಡರಲ್ಲೂ ಗಂಟೆ ಮತ್ತು ಅಂಕಿಗಳು ಒಂದೇ ಇವೆಯೇ ಎಂದು ಬೇರೊಬ್ಬರಿಂದ ಓದಿಸಿ.

ಇನ್ನು ಪತ್ರದ ಒಳಗೆ. ಕ್ಲೇಮ್ ಫಾರ್ಮ್ ಅಚ್ಚಾದ ಕಾಗದ. ಅದರ ಚೌಕಗಳಲ್ಲಿ ನಿಮ್ಮ ಕಥೆ ಹಿಡಿಸುವುದಿಲ್ಲ. ಅಗ್ನಿಶಾಮಕದವರ ವರದಿ, ಪೊಲೀಸರ ಮಹಜರು, ಸರ್ವೇಯರ್ ವರದಿ, ಇವೆಲ್ಲ ಬೇರೆಯವರು ಅವರವರ ಕಣ್ಣಿಗೆ ಕಂಡಷ್ಟನ್ನು ಬರೆದದ್ದು. ಏನಾಯಿತು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಹೇಳುವ ಕಾಗದ ಈ ಪತ್ರವೊಂದೇ. ಕಡತ ಯಾರ ಮೇಜಿಗೆ ಹೋದರೂ ಅವರು ಮೊದಲು ಓದುವುದೂ ಇದನ್ನೇ. ಆದ್ದರಿಂದ ಇದಕ್ಕೆ ಒಂದೇ ನಿಯಮ ಸಾಕು ಎಂಬುದು ನನ್ನ ಅನುಭವ: ಪತ್ರದಲ್ಲಿರುವ ಪ್ರತಿ ಗಂಟೆಯ ಪಕ್ಕದಲ್ಲಿ ಅದನ್ನು ತೋರಿಸುವ ಒಂದು ಕಾಗದದ ಸಂಖ್ಯೆ ಇರಬೇಕು, ಕಾಗದವಿಲ್ಲದಿದ್ದರೆ ಅದು ಯಾರ ಹೇಳಿಕೆ ಎಂದು ಬರೆದಿರಬೇಕು. ಘಟನೆಯ ಕ್ರಮ ಮತ್ತು ದಾಖಲೆಗಳ ಪಟ್ಟಿ ಎರಡು ಬೇರೆ ಬೇರೆ ಭಾಗಗಳಾಗಿದ್ದರೂ ಅವನ್ನು ಈ ಅಡಕದ ಸಂಖ್ಯೆಯೇ ಹೆಣೆಯುತ್ತದೆ.

ಗಂಟೆ ಬರೆಯುವಾಗ ಆಗುವ ತಪ್ಪು ಎಷ್ಟು ಸಣ್ಣದು, ಅದರಿಂದ ಆಗುವ ತೊಂದರೆ ಎಷ್ಟು ದೊಡ್ಡದು ಎಂಬುದಕ್ಕೆ ನಾನೇ ಕೈಯಾರೆ ನೋಡಿದ ಒಂದು ಕಡತವಿದೆ. ಎಣ್ಣೆ ಗಿರಣಿಯೊಂದರ ಮಾಲೀಕರು ನನ್ನ ಬಳಿ ಬರುವ ಮೊದಲೇ ಪತ್ರ ಕೊಟ್ಟಾಗಿತ್ತು. ಅದರಲ್ಲಿ “9ನೇ ತಾರೀಕು ರಾತ್ರಿ 12.30ಕ್ಕೆ ಬೆಂಕಿ ಕಾಣಿಸಿತು” ಎಂದಿತ್ತು. ಮಲಗಿ ಏಳುವವರೆಗೂ ಅದೇ ದಿನ ಎಂದು ನಾವೆಲ್ಲ ಮಾತಾಡುವ ರೀತಿ ಅದು. ಅಗ್ನಿಶಾಮಕ ವರದಿಯಲ್ಲಿ ಕರೆ ಬಂದದ್ದು 10ನೇ ತಾರೀಕು 00:45 ಎಂದಿತ್ತು. ಪತ್ರ ಓದಿದ ಅಧಿಕಾರಿ 9ನೇ ತಾರೀಕು ಶುರುವಾಗುವ 12.30 ಎಂದು ಅರ್ಥ ಮಾಡಿಕೊಂಡು, ಬೆಂಕಿ ಬಿದ್ದು ಒಂದು ದಿನವಾದ ಮೇಲೆ ಏಕೆ ಕರೆ ಮಾಡಿದಿರಿ ಎಂದು ವಿವರಣೆ ಕೇಳಿದರು. ತಪ್ಪು ತಿದ್ದಲು ಕಾವಲುಗಾರನ ಪ್ರಮಾಣಪತ್ರ, ಫೋನ್ ಕರೆಗಳ ವಿವರ, ಮತ್ತೊಂದು ಪತ್ರ, ಇಷ್ಟೂ ಬೇಕಾಯಿತು. ಎರಡು ತಿಂಗಳು ಅದರಲ್ಲೇ ಕಳೆಯಿತು. ನಿಮ್ಮ ಬೆಂಕಿಯೂ ನಡುರಾತ್ರಿಯ ಆಚೀಚೆಯದು. ಆದ್ದರಿಂದ 24 ಗಂಟೆಯ ಗಡಿಯಾರವನ್ನೇ ಬಳಸಿ, ಹನ್ನೆರಡು ದಾಟಿದ ಕೂಡಲೇ ತಾರೀಕನ್ನೂ ಬದಲಿಸಿ ಬರೆಯಿರಿ.

ಅದೇ ರೀತಿ ಸಿಸಿಟಿವಿ. ಕ್ಯಾಮೆರಾದ ದೃಶ್ಯ ಹಿಡಿದಿಡುವ ಪೆಟ್ಟಿಗೆಯ ಗಡಿಯಾರ ಹಿಂದುಮುಂದಾಗಿರುವುದೇ ಹೆಚ್ಚು. ಪೆಟ್ಟಿಗೆ ಉಳಿದಿದ್ದರೆ, ಅದರ ಪರದೆ ತೋರಿಸುವ ಗಂಟೆಯನ್ನೂ ನಿಮ್ಮ ಫೋನಿನ ಗಂಟೆಯನ್ನೂ ಒಟ್ಟಿಗೆ ಇಟ್ಟು ಒಂದು ಫೋಟೊ ತೆಗೆಯಿರಿ. ಪೆಟ್ಟಿಗೆ 11 ನಿಮಿಷ ಮುಂದಿದ್ದರೆ ಅದನ್ನು ಪತ್ರದಲ್ಲಿ ಹಾಗೆಯೇ ಹೇಳಿ, ತಿದ್ದಿದ ಗಂಟೆಯನ್ನೂ ಪರದೆಯ ಗಂಟೆಯನ್ನೂ ಎರಡನ್ನೂ ಕೊಡಿ. ಗಡಿಯಾರವನ್ನು ಈಗ ಸರಿಪಡಿಸಲು ಹೋಗಬೇಡಿ. ಸರ್ವೇಯರ್ ನೋಡುವವರೆಗೂ ಅದು ತಪ್ಪಾಗಿಯೇ ಇರಲಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುವ ಮುನ್ನ ಆ ರಾತ್ರಿಯ ಭಾಗವನ್ನು ಬೇರೆ ಡ್ರೈವ್‌ಗೆ ಇಳಿಸಿಕೊಳ್ಳಿ.

ಬೆಂಕಿಗೆ ಕಾರಣ ಏನು ಎಂಬ ಸಾಲಿನಲ್ಲಿ ಹೆಚ್ಚಿನವರು ಎಡವುತ್ತಾರೆ. “ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹತ್ತಿತು” ಎಂದು ಬರೆಯುವುದು ಒಂದು ರೂಢಿಯೇ ಆಗಿಬಿಟ್ಟಿದೆ. ನೀವು ಅದನ್ನು ಕಣ್ಣಾರೆ ಕಂಡಿರದಿದ್ದರೆ ಬರೆಯಬೇಡಿ. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆದ ಆ ಒಂದು ವಿದ್ಯುತ್ ಯಂತ್ರ ಅಥವಾ ಉಪಕರಣಕ್ಕೆ ಪರಿಹಾರವಿಲ್ಲ. ಅದರಿಂದ ಹಬ್ಬಿದ ಬೆಂಕಿಯಲ್ಲಿ ಹಾಳಾದ ಉಳಿದದ್ದಕ್ಕೆ ಇದೆ. ಊಹೆಯಿಂದ ಒಂದು ಕಾರಣ ಬರೆದು, ಮುಂದೆ ವರದಿಯಲ್ಲಿ ಬೇರೆ ಕಾರಣ ಬಂದರೆ, ಪತ್ರ ನಿಮಗೇ ಎದುರು ನಿಲ್ಲುತ್ತದೆ. “ಹೊಗೆ ಮೊದಲು ಕಂಡದ್ದು ಗೋದಾಮಿನ ಉತ್ತರ ದಿಕ್ಕಿನ ಗವಾಕ್ಷಿಯಿಂದ; ಕಾರಣ ನಮಗೆ ತಿಳಿದಿಲ್ಲ; ಅಗ್ನಿಶಾಮಕ ಇಲಾಖೆಯ ವರದಿ ಬಂದ ಮೇಲೆ ಸಲ್ಲಿಸುತ್ತೇವೆ” ಎಂದರೆ ಸಾಕು. ಆದರೆ ತಿಳಿದದ್ದನ್ನು ಬಚ್ಚಿಡಬಾರದು. ಆ ದಿನ ಮಧ್ಯಾಹ್ನ ಗೋದಾಮಿನಲ್ಲಿ ವೆಲ್ಡಿಂಗ್ ನಡೆದಿದ್ದರೆ, ವೈರಿಂಗ್ ರಿಪೇರಿ ಆಗಿದ್ದರೆ, ಅದೂ ಕ್ರಮದಲ್ಲಿ ಒಂದು ಸಾಲಾಗಿ ಬರಲೇಬೇಕು. ಅದು ನಿಮ್ಮ ಪತ್ರದಿಂದ ತಿಳಿದರೆ ಒಂದು ಮಾಹಿತಿ. ಕೆಲಸಗಾರರ ಬಾಯಿಂದ ಸರ್ವೇಯರ್‌ಗೆ ತಿಳಿದರೆ ಪತ್ರದ ಉಳಿದ ಸಾಲುಗಳನ್ನೂ ಅವರು ಅನುಮಾನದಿಂದ ಓದುತ್ತಾರೆ.

ಕ್ರಮವನ್ನು ಬೆಂಕಿ ಕಂಡ ಕ್ಷಣದಿಂದ ಶುರು ಮಾಡಬೇಡಿ. ಅದಕ್ಕೂ ಮೊದಲಿನ ಎರಡು ಸಾಲುಗಳು ತುಂಬಾ ಮುಖ್ಯ: ಗೋದಾಮಿಗೆ ಕೊನೆಯ ಸರಕು ಬಂದದ್ದು ಯಾವಾಗ, ಕೆಲಸ ಮುಗಿಸಿ ಬೀಗ ಹಾಕಿದ್ದು ಯಾವಾಗ. ಮೊದಲನೆಯದು ದಾಸ್ತಾನಿನ ಲೆಕ್ಕಕ್ಕೆ, ಎರಡನೆಯದು ಒಳಗೆ ಯಾರಿದ್ದರು ಎಂಬ ಪ್ರಶ್ನೆಗೆ ಉತ್ತರ. ಕ್ರಮವು ಬೆಂಕಿ ನಂದಿದ ಕ್ಷಣಕ್ಕೆ ಮುಗಿಯಲೂಬಾರದು. ಬಟ್ಟೆಯ ರೋಲುಗಳು ಹೊರಗೆ ಒದ್ದೆಯಾಗಿ ಒಳಗೆ ಕೆಂಡ ಹಿಡಿದುಕೊಂಡಿರುವುದುಂಟು. ಎರಡನೇ ದಿನ ಮತ್ತೆ ಹೊಗೆ ಬಂದು ನೀವು ನೀರು ಹಾಕಿಸಿದ್ದರೆ, ಆ ನೀರಿನಿಂದ ಇನ್ನಷ್ಟು ರೋಲು ಹಾಳಾಗಿದ್ದರೆ, ಅದನ್ನು ಗಂಟೆ ಸಹಿತ ಬರೆಯಬೇಕು. ಇಲ್ಲದಿದ್ದರೆ ಸರ್ವೇಯರ್ ಮೊದಲ ದಿನ ತೆಗೆದ ಫೋಟೊಗೂ ನಿಮ್ಮ ನಷ್ಟದ ಪಟ್ಟಿಗೂ ತಾಳೆಯಾಗುವುದಿಲ್ಲ.

ಈಗ ದಾಖಲೆಗಳು. ಪಟ್ಟಿಯನ್ನು ಸರ್ವೇಯರ್ ಕೇಳಿದ ಕ್ರಮದಲ್ಲೇ ಬರೆದು, ಪ್ರತಿಯೊಂದನ್ನೂ ಮೂರರಲ್ಲಿ ಒಂದು ಸ್ಥಿತಿಯಲ್ಲಿ ತೋರಿಸಿ. ಒಂದು, ಈ ಪತ್ರದ ಜೊತೆ ಇಟ್ಟಿದ್ದೇವೆ, ಇಂತಿಷ್ಟು ಪುಟ. ಎರಡು, ಇನ್ನೂ ಬಂದಿಲ್ಲ, ಇಂಥ ದಿನ ಅರ್ಜಿ ಕೊಟ್ಟಿದ್ದೇವೆ, ಅರ್ಜಿಯ ಸ್ವೀಕೃತಿ ಇದೆ. ಮೂರು, ಬೆಂಕಿಯಲ್ಲಿ ಹೋಗಿದೆ, ಅದರ ಬದಲಿಗೆ ಇದನ್ನು ಕೊಡುತ್ತಿದ್ದೇವೆ. “ಎಲ್ಲ ದಾಖಲೆಗಳನ್ನು ಲಗತ್ತಿಸಿದೆ” ಎಂಬ ಒಂದು ಸಾಲು ಬರೆದು ಕಾಗದದ ಕಟ್ಟನ್ನು ಒಪ್ಪಿಸಿ ಬಂದವರು, ಮೂರು ತಿಂಗಳ ಮೇಲೆ “ನೀವು ಇದನ್ನು ಕೊಟ್ಟೇ ಇಲ್ಲ” ಎಂಬ ಮಾತು ಬಂದಾಗ ಏನನ್ನೂ ತೋರಿಸಲಾರದೆ ನಿಲ್ಲುತ್ತಾರೆ. ಪುಟಗಳ ಸಂಖ್ಯೆ ಬರೆಯುವುದು ಅದಕ್ಕಾಗಿ.

ಸುಟ್ಟ ಬಿಲ್ಲುಗಳ ಬಗ್ಗೆ ಭಯಪಡಬೇಕಾಗಿಲ್ಲ. ಖರೀದಿ ಬಿಲ್ಲುಗಳ ನಕಲು ಪ್ರತಿಯನ್ನು ಬಟ್ಟೆ ಮಾರಿದವರಿಂದ ಅವರ ಮುದ್ರೆ ಸಹಿತ ತರಿಸಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ GSTR-2B ತೆರೆದರೆ, ನಿಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಸಂಖ್ಯೆ, ತಾರೀಕು, ಮೊತ್ತ ಎಲ್ಲ ಸಿಗುತ್ತವೆ. ಇ-ವೇ ಬಿಲ್, ಬ್ಯಾಂಕಿನ ಪಾಸ್ ಶೀಟು, ಆಡಿಟರ್ ಬಳಿ ಇರುವ ಲೆಕ್ಕದ ಬ್ಯಾಕಪ್, ಇವೂ ಬದಲಿ ಸಾಕ್ಷ್ಯಗಳೇ. ಬ್ಯಾಕಪ್ ಯಾವ ದಿನದ್ದು ಎಂದು ಪತ್ರದಲ್ಲಿ ನಮೂದಿಸಿ. ಅದು ಅಕ್ಟೋಬರ್ 31ರದ್ದಾಗಿದ್ದರೆ, ನಂತರದ 12 ದಿನಗಳ ವ್ಯವಹಾರವನ್ನು ಯಾವುದರಿಂದ ಮತ್ತೆ ಬರೆದಿರಿ ಎಂದೂ ಹೇಳಿ. ಸುಟ್ಟ ಪುಸ್ತಕಗಳನ್ನು ಹೊಸದಾಗಿ ಬರೆದು ಹಳೆಯವು ಎಂಬಂತೆ ಕೊಡುವ ಯೋಚನೆಯನ್ನು ಯಾರು ಹೇಳಿಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ. ಅಂಥ ಒಂದು ಪುಟ ಇಡೀ ಕ್ಲೇಮ್ ಅನ್ನೇ ಕಳೆಯಬಲ್ಲದು. ಮೋಸದ ದಾಖಲೆ ಕಂಡರೆ ಪಾಲಿಸಿಯ ಎಲ್ಲ ಲಾಭವೂ ಹೋಗುತ್ತದೆ ಎಂದು ಷರತ್ತಿನಲ್ಲೇ ಇದೆ.

ಮೊತ್ತವನ್ನು ಪತ್ರದಲ್ಲಿ ಹೇಗೆ ಹೇಳಬೇಕು ಎಂಬುದಕ್ಕೆ ನಿಮ್ಮಂಥ ಘಟಕದ ಒಂದು ಮಾದರಿ ಲೆಕ್ಕವನ್ನು ಹಿಡಿಯೋಣ. ಸುಟ್ಟ ರೋಲುಗಳನ್ನು ಎಣಿಸಲಾಗದ ಕಡೆ ಪುಸ್ತಕದಿಂದಲೇ ದಾಸ್ತಾನು ಕಂಡುಹಿಡಿಯಬೇಕಾಗುತ್ತದೆ. ಮಾರ್ಚ್ 31ರ ಆಡಿಟ್ ಆದ ದಾಸ್ತಾನು 38,40,000 ರೂಪಾಯಿ. ಏಪ್ರಿಲ್ 1ರಿಂದ ಬೆಂಕಿಯ ದಿನದವರೆಗೆ ಖರೀದಿ 1,12,60,000, ಕೂಲಿ ಮತ್ತಿತರ ತಯಾರಿಕಾ ಖರ್ಚು 21,00,000. ಮೂರನ್ನೂ ಕೂಡಿದರೆ 1,72,00,000. ಅದೇ ಅವಧಿಯ ಮಾರಾಟ 1,48,00,000. ಹಿಂದಿನ ವರ್ಷಗಳ ಆಡಿಟ್ ಲೆಕ್ಕದಂತೆ ಒಟ್ಟು ಲಾಭ ನೂರಕ್ಕೆ 14 ಎಂದಾದರೆ, ಮಾರಿದ ಸರಕಿನ ಅಸಲು 1,27,28,000. ಮೊದಲಿನದರಿಂದ ಇದನ್ನು ಕಳೆದರೆ ಬೆಂಕಿಯ ದಿನ ಇರಬೇಕಾದ ದಾಸ್ತಾನು 44,72,000. ಇದರಲ್ಲಿ ವಾಷಿಂಗ್‌ಗೆ ಹೊರಗೆ ಕಳಿಸಿದ್ದು 4,12,000, ಹೊಲಿಗೆ ವಿಭಾಗದಲ್ಲಿ ಏನೂ ಆಗದೆ ಉಳಿದದ್ದು 9,30,000. ಉಳಿದ 31,30,000 ಗೋದಾಮಿನದು. ಅರೆಸುಟ್ಟ, ನೆಂದ ಮಾಲು ಮಾರಿದರೆ 1,80,000 ಬರಬಹುದು ಎಂದು ಅಂದಾಜಾದರೆ, ಕೇಳುವ ಮೊತ್ತ 29,50,000.

ಈ ಲೆಕ್ಕವೆಲ್ಲ ಅಡಕದಲ್ಲಿರಲಿ. ಪತ್ರದಲ್ಲಿ ಒಟ್ಟು ದಾಸ್ತಾನು, ಉಳಿದದ್ದು, ಹಾಳಾದದ್ದು, ಕೇಳುವ ಮೊತ್ತ, ಈ ನಾಲ್ಕು ಅಂಕಿಗಳು ಮಾತ್ರ ಸಾಕು. ಅವುಗಳ ಜೊತೆ ಕೆಲವು ಮಾತುಗಳನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಲೆಕ್ಕ ಅಸಲಿನ ಮೇಲೆ ಆಗಿದೆ, ಲಾಭ ಸೇರಿಲ್ಲ ಎನ್ನುವುದು ಮೊದಲನೆಯದು. ಸಿದ್ಧ ಪ್ಯಾಂಟುಗಳಿಗೆ ಮಾರುವ ಬೆಲೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಇನ್ನೊಂದು ಜಿಎಸ್‌ಟಿಯದು. ಸುಟ್ಟುಹೋದ ಸರಕಿನ ಮೇಲೆ ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ವಾಪಸು ಕಟ್ಟಬೇಕಾಗುತ್ತದೆ. ಹಾಗಾಗಿ ಮೇಲಿನ ಮೊತ್ತದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ, ವಾಪಸು ಕಟ್ಟಿದ ಮೇಲೆ ಅದನ್ನು ಬೇರೆಯಾಗಿ ಕೇಳುತ್ತೀರೋ ಎಂದು ಈಗಲೇ ಬರೆದಿಡಿ. ಮುಂದೆ ಸೇರಿಸಲು ಹೋದರೆ, ಹೊಸದಾಗಿ ಕ್ಲೇಮ್ ಹೆಚ್ಚಿಸಿದಂತೆ ಕಾಣುತ್ತದೆ. ಮೂರನೆಯದು, ಬೇರೆಯವರ ಬಟ್ಟೆ. ಬಳ್ಳಾರಿಯಲ್ಲಿ ಅನೇಕ ಘಟಕಗಳು ಇತರರ ಬಟ್ಟೆಯನ್ನು ಕೂಲಿಗೆ ಹೊಲಿದುಕೊಡುತ್ತವೆ. ಅಂಥ ಮಾಲು ಗೋದಾಮಿನಲ್ಲಿದ್ದರೆ ಅದನ್ನು ನಿಮ್ಮ ದಾಸ್ತಾನಿನಲ್ಲಿ ಬೆರೆಸದೆ ಬೇರೆ ಸಾಲಿನಲ್ಲಿ ತೋರಿಸಿ. ಪಾಲಿಸಿಯಲ್ಲಿ ಅದನ್ನು ಹೆಸರಿಸಿ ವಿಮೆ ಮಾಡಿಸಿದ್ದರೆ ಮಾತ್ರ ಅದಕ್ಕೆ ಪರಿಹಾರವಿದೆ.

ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟನ್ನು ಸರ್ವೇಯರ್ ತಪ್ಪದೆ ಬ್ಯಾಂಕಿನಿಂದಲೇ ತರಿಸಿಕೊಳ್ಳುತ್ತಾರೆ. ನಮ್ಮ ಮಾದರಿಯಲ್ಲಿ ಅಕ್ಟೋಬರ್ 31ರ ಸ್ಟೇಟ್‌ಮೆಂಟ್ 46,90,000 ತೋರಿಸಿದರೆ, ಬೆಂಕಿಯ ದಿನಕ್ಕೆ ಅದು 2,18,000 ಕಡಿಮೆಯಾದದ್ದು ನವೆಂಬರಿನ 12 ದಿನಗಳಲ್ಲಿ ಬಂದದ್ದಕ್ಕಿಂತ ಹೋದದ್ದು ಹೆಚ್ಚಾದುದರಿಂದ ಎಂದು ಬಿಲ್ಲುಗಳಿಂದ ತೋರಿಸಬಹುದು. ವ್ಯತ್ಯಾಸ ದೊಡ್ಡದಾಗಿದ್ದು, ಸಾಲದ ಮಿತಿ ಉಳಿಸಿಕೊಳ್ಳಲು ಸ್ಟೇಟ್‌ಮೆಂಟಿನಲ್ಲಿ ಹೆಚ್ಚು ತೋರಿಸಿದ್ದರೆ, ಆ ಹೆಚ್ಚಿನ ಅಂಕಿಯನ್ನು ಕ್ಲೇಮಿಗೆ ಎಳೆದು ತರಬೇಡಿ. ಖರೀದಿ ಬಿಲ್ಲುಗಳು ಅದನ್ನು ಹೊರುವುದಿಲ್ಲ. ನಿಜವಾದ ದಾಸ್ತಾನನ್ನೇ ಕೇಳಿ, ವ್ಯತ್ಯಾಸವನ್ನು ನೀವೇ ಮೊದಲು ಹೇಳಿ.

ವಿಮಾ ಮೊತ್ತ ಕಡಿಮೆ ಇದ್ದರೂ ಒಟ್ಟು ದಾಸ್ತಾನನ್ನು ಮರೆಮಾಚಬಾರದು. ವಾಷಿಂಗ್‌ಗೆ ಕಳಿಸಿದ್ದನ್ನು ಬಿಟ್ಟು ಆವರಣದೊಳಗೆ ಇದ್ದದ್ದು 40,60,000, ವಿಮೆ 40,00,000ಕ್ಕೆ ಎಂದುಕೊಳ್ಳಿ. ಸ್ಟ್ಯಾಂಡರ್ಡ್ ಪಾಲಿಸಿಯಾದರೆ ಸರಾಸರಿ ಷರತ್ತಿನಂತೆ ಪರಿಹಾರ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. 29,50,000ದಲ್ಲಿ ಸುಮಾರು 43,600 ರೂಪಾಯಿ ಕಡಿಮೆಯಾಗುತ್ತದೆ. ಸೂಕ್ಷ್ಮ ಉದ್ಯಮ ಸುರಕ್ಷಾದಲ್ಲಿ ನೂರಕ್ಕೆ 15ರವರೆಗಿನ ಕೊರತೆಗೆ ವಿನಾಯಿತಿ ಇರುವುದರಿಂದ ಇಲ್ಲಿ ಏನೂ ಕಡಿತವಾಗುವುದಿಲ್ಲ. ಈ ಚಿಕ್ಕ ಮೊತ್ತಕ್ಕಾಗಿ, ಹೊಲಿಗೆ ವಿಭಾಗದ ಮಾಲನ್ನು ಬಿಟ್ಟು ಲೆಕ್ಕ ಕೊಟ್ಟವರ ಇಡೀ ಪಟ್ಟಿಯೇ ಅನುಮಾನಕ್ಕೆ ಒಳಗಾದದ್ದನ್ನು ಕಂಡಿದ್ದೇನೆ.

ಇದೆಲ್ಲ ಸೇರಿದಾಗ ಪತ್ರ ಹೇಗಿರುತ್ತದೆ ಎಂದು ಕೆಳಗೆ ಬರೆದಿದ್ದೇನೆ. ಗಂಟೆಗಳೂ ಮೊತ್ತಗಳೂ ಮಾದರಿಯವು. ಅವುಗಳ ಜಾಗದಲ್ಲಿ ನಿಮ್ಮವು ಬರಬೇಕು.

ದಿನಾಂಕ: 24 ನವೆಂಬರ್
ಇವರಿಗೆ: ಶಾಖಾ ವ್ಯವಸ್ಥಾಪಕರು, (ವಿಮಾ ಕಂಪನಿ, ಶಾಖೆ)
ಪ್ರತಿ: (1) ಸರ್ವೇಯರ್ (2) ಸಾಲ ನೀಡಿದ ಬ್ಯಾಂಕಿನ ಶಾಖೆ

ವಿಷಯ: ಪಾಲಿಸಿ ಸಂಖ್ಯೆ …, ಕ್ಲೇಮ್ ಸಂಖ್ಯೆ …, ನವೆಂಬರ್ 12ರಂದು ನಮ್ಮ ಗೋದಾಮಿನಲ್ಲಿ ಸಂಭವಿಸಿದ ಬೆಂಕಿ ಅವಘಡದ ನಷ್ಟ ಪರಿಹಾರ ಕೋರಿಕೆ.

ಮಾನ್ಯರೇ,

ಮೇಲ್ಕಂಡ ಪಾಲಿಸಿಯಡಿ ನಮ್ಮ ಲಿಖಿತ ಕ್ಲೇಮ್ ಅನ್ನು, ಭರ್ತಿ ಮಾಡಿದ ಕ್ಲೇಮ್ ಫಾರ್ಮ್ (ಅಡಕ 1) ಸಹಿತ ಸಲ್ಲಿಸುತ್ತಿದ್ದೇವೆ. ಕೆಳಗಿನ ಗಂಟೆಗಳೆಲ್ಲ 24 ಗಂಟೆಯ ಕ್ರಮದಲ್ಲಿವೆ.

12 ನವೆಂಬರ್, 17:10. ಗೋದಾಮಿಗೆ ಕೊನೆಯ ಸರಕು, 22 ರೋಲ್ ಡೆನಿಮ್, ಬಂದಿತು (ಅಡಕ 4, ಇ-ವೇ ಬಿಲ್).
20:15. ಕೆಲಸ ಮುಗಿದು ಗೋದಾಮಿಗೆ ಬೀಗ ಹಾಕಲಾಯಿತು (ಅಡಕ 5, ಕಾವಲುಗಾರರ ಪುಸ್ತಕ).
23:51. ಉತ್ತರದ ಗವಾಕ್ಷಿಯಿಂದ ಹೊಗೆ. ಸಿಸಿಟಿವಿ ಪರದೆಯಲ್ಲಿ ಇದು 13ನೇ ತಾರೀಕು 00:02 ಎಂದಿದೆ. ಅದರ ಗಡಿಯಾರ 11 ನಿಮಿಷ ಮುಂದಿದೆ (ಅಡಕ 6, ದೃಶ್ಯ ಮತ್ತು ಗಡಿಯಾರದ ಫೋಟೊ).
23:56. ಕಾವಲುಗಾರರು ಮಾಲೀಕರಿಗೆ ಫೋನ್ ಮಾಡಿದರು. 23:58. ಮಾಲೀಕರು 112ಕ್ಕೆ ಕರೆ ಮಾಡಿದರು (ಅಡಕ 7, ಕರೆಗಳ ವಿವರ).
13 ನವೆಂಬರ್, ಸುಮಾರು 00:15. ಲೈನ್‌ಮ್ಯಾನ್ ಬಂದು ವಿದ್ಯುತ್ ಕಡಿತಗೊಳಿಸಿದರು (ಕಾವಲುಗಾರರ ಹೇಳಿಕೆ, ಅಡಕ 8; ಜೆಸ್ಕಾಂ ದಾಖಲೆಗೆ ಅರ್ಜಿ ಕೊಟ್ಟಿದೆ).
00:21. ಅಗ್ನಿಶಾಮಕ ವಾಹನ ಬಂದಿತು. 03:40. ಬೆಂಕಿ ಹತೋಟಿಗೆ ಬಂದಿತು. 05:30. ವಾಹನ ಹಿಂತಿರುಗಿತು (ನಮ್ಮ ಟಿಪ್ಪಣಿಯಂತೆ, ವರದಿ ಬಂದ ಮೇಲೆ ತಾಳೆ ನೋಡಿ ತಿಳಿಸುತ್ತೇವೆ).
09:30. ಪೊಲೀಸ್ ಠಾಣೆಗೆ ದೂರು. 11:00. ಸ್ಥಳ ಮಹಜರು (ಅಡಕ 9).
10:12. ತಮ್ಮ ಕಂಪನಿಗೆ ಇ-ಮೇಲ್ ಮೂಲಕ ಮಾಹಿತಿ (ಅಡಕ 10).
14 ನವೆಂಬರ್, 11:00. ಸರ್ವೇಯರ್ ಅವರ ಮೊದಲ ಭೇಟಿ. 16:00. ಪೂರ್ವ ಗೋಡೆಯ ಬಳಿಯ ರೋಲುಗಳ ಅಡಿಯಿಂದ ಮತ್ತೆ ಹೊಗೆ. ಸರ್ವೇಯರ್‌ಗೆ ಫೋನಿನಲ್ಲಿ ತಿಳಿಸಿ ನೀರು ಹಾಕಲಾಯಿತು. ಇನ್ನೂ 14 ರೋಲ್ ನೆಂದಿವೆ (ಅಡಕ 11, ಫೋಟೊಗಳು).
15ರಿಂದ 18 ನವೆಂಬರ್. ಸರ್ವೇಯರ್ ಅವರ ಇ-ಮೇಲ್ ಒಪ್ಪಿಗೆಯಂತೆ ಮಾಲನ್ನು ವಿಂಗಡಿಸಲಾಯಿತು (ಅಡಕ 12).

ಬೆಂಕಿಗೆ ಕಾರಣ ನಮಗೆ ತಿಳಿದಿಲ್ಲ. ಆ ದಿನ ಗೋದಾಮಿನಲ್ಲಿ ವೆಲ್ಡಿಂಗ್ ಅಥವಾ ವಿದ್ಯುತ್ ದುರಸ್ತಿ ಕೆಲಸ ನಡೆದಿರಲಿಲ್ಲ.

ಬೆಂಕಿಯ ದಿನ ಪುಸ್ತಕದ ಪ್ರಕಾರ ದಾಸ್ತಾನು 44,72,000, ಹೊರಗಿದ್ದದ್ದು ಮತ್ತು ಹಾಳಾಗದೆ ಉಳಿದದ್ದು 13,42,000, ಹಾಳಾದದ್ದು 31,30,000, ಉಳಿಕೆ ಮಾಲಿನ ಅಂದಾಜು ಬೆಲೆ ಕಳೆದು ಕೋರುವ ಮೊತ್ತ 29,50,000 ರೂಪಾಯಿ (ಅಡಕ 13). ಇದು ಅಸಲಿನ ಲೆಕ್ಕ. ಲಾಭ ಸೇರಿಲ್ಲ, ಜಿಎಸ್‌ಟಿ ಸೇರಿಲ್ಲ. ವಾಪಸು ಕಟ್ಟಬೇಕಾದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನು ಕಟ್ಟಿದ ನಂತರ ಪ್ರತ್ಯೇಕವಾಗಿ ತಿಳಿಸುತ್ತೇವೆ. ಮೊತ್ತ ತಾತ್ಕಾಲಿಕವಾಗಿದ್ದು, ಬಾಕಿ ದಾಖಲೆಗಳು ಬಂದ ಮೇಲೆ ತಿದ್ದುಪಡಿಗೆ ಒಳಪಟ್ಟಿದೆ. ಕಟ್ಟಡ ಮತ್ತು ಯಂತ್ರಗಳಿಗೆ ಕ್ಲೇಮ್ ಇಲ್ಲ. ಈ ಸ್ವತ್ತಿಗೆ ಬೇರೆ ವಿಮೆ ಇಲ್ಲ.

ಬಾಕಿ ಇರುವವು: ಅಗ್ನಿಶಾಮಕ ವರದಿ (ಅರ್ಜಿ 16 ನವೆಂಬರ್, ಅಡಕ 14) ಮತ್ತು ಜೆಸ್ಕಾಂ ದಾಖಲೆ (ಅರ್ಜಿ 17 ನವೆಂಬರ್, ಅಡಕ 15). ಇವುಗಳನ್ನು ಸಲ್ಲಿಸಲು ಡಿಸೆಂಬರ್ 31ರವರೆಗೆ ಕಾಲಾವಕಾಶ ನೀಡಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಮೂಲ ಖರೀದಿ ಬಿಲ್ಲುಗಳು ಬೆಂಕಿಯಲ್ಲಿ ನಾಶವಾಗಿವೆ. ಬದಲಿಗೆ ಮಾರಾಟಗಾರರ ಮುದ್ರೆಯ ನಕಲು ಪ್ರತಿಗಳು ಮತ್ತು ಆಯಾ ತಿಂಗಳ GSTR-2B ಲಗತ್ತಿಸಿದೆ (ಅಡಕ 16, ಪುಟ 1ರಿಂದ 64).

ಇತಿ ತಮ್ಮ ವಿಶ್ವಾಸಿ, (ಸಹಿ, ಹೆಸರು, ಹುದ್ದೆ, ಮುದ್ರೆ)
ಲಗತ್ತು: ಅಡಕ 1ರಿಂದ 16, ಪ್ರತಿಯೊಂದರ ಪುಟಸಂಖ್ಯೆ ಸಹಿತ ಪ್ರತ್ಯೇಕ ಹಾಳೆಯಲ್ಲಿ.

ಅಗ್ನಿಶಾಮಕ ವಾಹನದ ಗಂಟೆಗಳನ್ನು ವರದಿ ಇಲ್ಲದೆಯೂ ಬರೆದು, ಅವು ನಮ್ಮ ಟಿಪ್ಪಣಿಯವು ಎಂದು ಹೇಳಿರುವುದನ್ನು ಗಮನಿಸಿ. ವರದಿಯಲ್ಲಿ 00:25 ಎಂದು ಬಂದರೆ ಆಗ ಯಾರೂ ನಿಮ್ಮನ್ನು ಸುಳ್ಳುಗಾರರೆನ್ನಲಾರರು. ಅಗ್ನಿಶಾಮಕ ವರದಿ ಕೈಸೇರಿದ ದಿನವೇ ಈ ಕ್ರಮವನ್ನು ಅದರ ಜೊತೆ ಇಟ್ಟು ಒಂದೊಂದು ಸಾಲನ್ನೂ ಹೋಲಿಸಿ, ವ್ಯತ್ಯಾಸವಿದ್ದರೆ ಅದನ್ನು ಹೇಳುವ ಒಂದು ಚಿಕ್ಕ ಪತ್ರದ ಜೊತೆ ಅದನ್ನು ಸಲ್ಲಿಸಿ. ಆ ಪತ್ರದಲ್ಲಿ ಅಡಕಗಳು ಮತ್ತೆ 1ರಿಂದ ಶುರುವಾಗದೆ 17ರಿಂದ ಮುಂದುವರಿಯಲಿ. ಆಗ ಕಡತದಲ್ಲಿ ಎರಡು “ಅಡಕ 3” ಇರುವ ಗೊಂದಲ ಬರುವುದಿಲ್ಲ.

ಪತ್ರ ಒಪ್ಪಿಸುವಾಗ ನಿಮ್ಮ ಪ್ರತಿಯ ಮೇಲೆ ಕಂಪನಿಯ ಮುದ್ರೆ, ತಾರೀಕು, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ. ಅಡಕಗಳ ಹಾಳೆಯ ಮೇಲೂ ಮುದ್ರೆ ಕೇಳಿ, ಏಕೆಂದರೆ ಮೊದಲ ಪುಟದ ಮುದ್ರೆ ಪತ್ರ ಬಂದದ್ದನ್ನು ಮಾತ್ರ ತೋರಿಸುತ್ತದೆ, ಜೊತೆಗಿದ್ದ 64 ಪುಟಗಳನ್ನಲ್ಲ. ಅದೇ ದಿನ ಇಡೀ ಕಟ್ಟನ್ನು ಸ್ಕ್ಯಾನ್ ಮಾಡಿ ಕಂಪನಿಗೂ ಸರ್ವೇಯರ್‌ಗೂ ಇ-ಮೇಲ್‌ನಲ್ಲಿ ಕಳಿಸಿ, ವಿಷಯದ ಸಾಲಿನಲ್ಲಿ ಕ್ಲೇಮ್ ಸಂಖ್ಯೆ ಹಾಕಿ. ಕಾಲಾವಕಾಶದ ಬಗ್ಗೆ ಒಂದು ವಾರದೊಳಗೆ ಉತ್ತರ ಬಾರದಿದ್ದರೆ ಅದೇ ಇ-ಮೇಲ್‌ಗೆ ಉತ್ತರವಾಗಿ ಮತ್ತೊಮ್ಮೆ ಕೇಳಿ. ಫೋನಿನಲ್ಲಿ “ಆಯ್ತು, ಕೊಡಿ” ಎಂದದ್ದು ಷರತ್ತು ಹೇಳುವ ಲಿಖಿತ ಒಪ್ಪಿಗೆ ಆಗುವುದಿಲ್ಲ.